ಭಾರತದ ಅತಿ ಉದ್ದದ ನದಿ ಯಾವುದು? ಒಂದು ರಸಪ್ರಶ್ನೆ, ಒಂದು ಆಕ್ಷೇಪಣೆ

ಒಂದು ಸಣ್ಣ ಕಥೆಯಿಂದ ಆರಂಭಿಸುತ್ತೇನೆ. ಕಥೆ ನಾನು ಕಟ್ಟಿದ್ದು, ಅದರೊಳಗೆ ಬರುವ ನದಿಗಳು ಮತ್ತು ಅವುಗಳ ಅಂಕಿಗಳು ಮಾತ್ರ ನಿಜವಾದವು.

ಸಕಲೇಶಪುರದ ಒಂದು ಪ್ರೌಢಶಾಲೆಯಲ್ಲಿ ಶನಿವಾರದ ರಸಪ್ರಶ್ನೆ ನಡೆಯುತ್ತಿದೆ. ಹೊರಗೆ ಆಷಾಢದ ಮಳೆ. ಊರ ನಡುವೆ ಹೇಮಾವತಿ ಕೆಂಪಗೆ ತುಂಬಿ ಹರಿಯುತ್ತಿದೆ. ಎರಡು ತಂಡಗಳ ಅಂಕ ಸಮವಾಗಿದೆ, ಉಳಿದಿರುವುದು ಒಂದೇ ಪ್ರಶ್ನೆ. ಭೂಗೋಳದ ಶಿಕ್ಷಕಿ ಚೀಟಿ ಬಿಡಿಸಿ ಓದುತ್ತಾರೆ: "ಭಾರತದ ಅತಿ ಉದ್ದದ ನದಿ ಯಾವುದು?"

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮೊದಲು ಕೈ ಎತ್ತಿ "ಬ್ರಹ್ಮಪುತ್ರ" ಎನ್ನುತ್ತಾಳೆ. ಎದುರಿನ ತಂಡ "ಗಂಗಾ" ಎನ್ನುತ್ತದೆ. ಚೀಟಿಯ ಹಿಂದೆ ಶಿಕ್ಷಕಿಯೇ ಬರೆದುಕೊಂಡಿರುವ ಉತ್ತರ ಗಂಗಾ. ಅಂಕ ಎದುರಿನವರಿಗೆ ಹೋಗುತ್ತದೆ, ಚಪ್ಪಾಳೆಯೂ ಆಗುತ್ತದೆ. ಹುಡುಗಿ ಮಾತ್ರ ಕುಳಿತುಕೊಳ್ಳುವುದಿಲ್ಲ.

"ಮಿಸ್, ಗ್ರಂಥಾಲಯದಲ್ಲಿರುವ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಗಂಗಾ ನದಿ 2500 ಕಿಲೋಮೀಟರಿಗಿಂತ ಹೆಚ್ಚು ಎಂದಿದೆ. ಸಿಂಧೂ 2900 ಎಂದಿದೆ. ಬ್ರಹ್ಮಪುತ್ರ ಸಿಂಧೂವಿಗಿಂತಲೂ ಸ್ವಲ್ಪ ಉದ್ದ ಎಂದಿದೆ. ಮೂರೂ ಒಂದೇ ಪಾಠದಲ್ಲಿವೆ. ಹಾಗಿದ್ದ ಮೇಲೆ ಗಂಗಾ ಹೇಗೆ ಉದ್ದವಾಯಿತು?"

ಆ ಪಾಠದಲ್ಲಿ ಅವಳು ಹೇಳಿದ್ದೆಲ್ಲ ಇತ್ತು. ಎನ್‌ಸಿಇಆರ್‌ಟಿಯ ಒಂಬತ್ತನೇ ತರಗತಿಯ ಭೂಗೋಳ ಪುಸ್ತಕ ವರ್ಷಗಟ್ಟಲೆ ಈ ಮೂರೂ ವಾಕ್ಯಗಳನ್ನು ಹೊತ್ತು ತಿರುಗಿದೆ. ಹಾಗೆಂದು ಶಿಕ್ಷಕಿ ತಪ್ಪು ಹೇಳಿದರೆಂದೂ ಅಲ್ಲ. ಸ್ಪರ್ಧಾತ್ಮಕ ಪರೀಕ್ಷೆಗಳ ಕೀ ಉತ್ತರ ಹೊರಬಿದ್ದಾಗ ಆಕ್ಷೇಪಣೆ ಬರೆಯುವ ಅಭ್ಯರ್ಥಿಗಳು ಇಂಥ ಇಕ್ಕಟ್ಟನ್ನು ಚೆನ್ನಾಗಿ ಬಲ್ಲರು. ಇಬ್ಬರ ಕೈಯಲ್ಲೂ ಪುಸ್ತಕವಿರುತ್ತದೆ, ಉತ್ತರಗಳು ಮಾತ್ರ ಬೇರೆ ಬೇರೆಯಾಗಿರುತ್ತವೆ. ಇದು ಹೇಗಾಗುತ್ತದೆ ಎಂದು ನೋಡೋಣ.

'ಭಾರತದ' ಎಂದರೆ ಯಾವ ಅರ್ಥದಲ್ಲಿ?

ಮೊದಲ ತೊಡಕು ಇರುವುದು ಭಾಷೆಯಲ್ಲಿ. ಸಕಲೇಶಪುರದ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75 ಬಂಟ್ವಾಳದಲ್ಲಿ ಆರಂಭವಾಗಿ, ಶಿರಾಡಿ ಘಾಟಿ ಹತ್ತಿ, ಹಾಸನ, ಬೆಂಗಳೂರು ದಾಟಿ ತಮಿಳುನಾಡಿನ ವೆಲ್ಲೂರಿನವರೆಗೆ ಹೋಗುತ್ತದೆ. ಈಗ ಯಾರಾದರೂ "ಹಾಸನ ಜಿಲ್ಲೆಯ ಅತಿ ಉದ್ದದ ರಸ್ತೆ ಯಾವುದು?" ಎಂದು ಕೇಳಿದರೆ ಏನು ಹೇಳಬೇಕು? ಜಿಲ್ಲೆಯನ್ನು ಮುಟ್ಟುವ ರಸ್ತೆಗಳನ್ನು ಅವುಗಳ ಪೂರ್ತಿ ಉದ್ದದೊಡನೆ ಲೆಕ್ಕಕ್ಕೆ ಹಿಡಿಯಬೇಕೋ, ಜಿಲ್ಲೆಯ ಗಡಿಯೊಳಗಿನ ತುಂಡನ್ನಷ್ಟೇ ಅಳೆಯಬೇಕೋ? ಪ್ರಶ್ನೆಯಲ್ಲಿ ಅದು ಸ್ಪಷ್ಟವಾಗಿಲ್ಲ.

ನದಿಗಳ ವಿಷಯದಲ್ಲೂ ಹಾಗೆಯೇ. ಬ್ರಹ್ಮಪುತ್ರ ಹುಟ್ಟುವುದು ಟಿಬೆಟ್ಟಿನಲ್ಲಿ, ಮಾನಸ ಸರೋವರದ ಪೂರ್ವಕ್ಕೆ. ಅಲ್ಲಿ ಅದಕ್ಕೆ ಸಾಂಗ್‌ಪೋ ಎಂದು ಹೆಸರು. ಹಿಮಾಲಯದ ಬೆನ್ನಿಗೆ ಸಮಾನಾಂತರವಾಗಿ ಪೂರ್ವಕ್ಕೆ ಬಹುದೂರ ಹರಿದು, ನಾಮ್ಚಾ ಬರ್ವಾ ಶಿಖರದ ಬಳಿ ಗಕ್ಕನೆ ತಿರುಗಿ, ಅರುಣಾಚಲ ಪ್ರದೇಶದಲ್ಲಿ ನಮ್ಮ ನೆಲಕ್ಕೆ ಇಳಿಯುತ್ತದೆ. ಅಸ್ಸಾಮನ್ನು ದಾಟಿ ಬಾಂಗ್ಲಾದೇಶಕ್ಕೆ ಹೋಗುತ್ತದೆ. ಭಾರತದ ಲೆಕ್ಕದಲ್ಲಿ ಅದರ ಒಟ್ಟು ಉದ್ದ ಸುಮಾರು 2900 ಕಿ.ಮೀ., ಅದರಲ್ಲಿ ಭಾರತದೊಳಗಿನದು 916 ಕಿ.ಮೀ. ಸಿಂಧೂ ನದಿಯ ಕಥೆಯೂ ಇದೇ. ಒಟ್ಟು 2880 ಕಿ.ಮೀ., ಭಾರತದ ಪಾಲು 1114 ಕಿ.ಮೀ. ಗಂಗೆಯದು 2525 ಕಿ.ಮೀ. ಆ ಅಂಕಿಯನ್ನು ಹೇಗೆ ಕೂಡಿದ್ದಾರೆ ಎಂದು ಬಿಡಿಸಿ ನೋಡಿದರೆ ಅದು ಪೂರ್ತಿ ಭಾರತದೊಳಗಿನದೇ. ಆ ಕೂಡಿಕೆಯನ್ನು ಮುಂದೆ ನೋಡುತ್ತೇವೆ.

ಆದ್ದರಿಂದ ಭಾರತದ ಗಡಿಯೊಳಗೆ ಅತಿ ದೂರ ಹರಿಯುವ ನದಿ ಯಾವುದು ಎಂದು ಕೇಳಿದರೆ ಶಿಕ್ಷಕಿಯ ಉತ್ತರ ಸರಿ. ಭಾರತವನ್ನು ಮುಟ್ಟಿ ಹೋಗುವ ನದಿಗಳಲ್ಲಿ ಹುಟ್ಟಿನಿಂದ ಸಮುದ್ರದವರೆಗೆ ಅತಿ ಉದ್ದವಾದದ್ದು ಯಾವುದು ಎಂದು ಕೇಳಿದರೆ ಹುಡುಗಿಯ ಕಡೆ ತಕ್ಕಡಿ ವಾಲುತ್ತದೆ. ನಮ್ಮ ಪರೀಕ್ಷೆಗಳು ರೂಢಿಯಲ್ಲಿ ಮೊದಲ ಅರ್ಥವನ್ನೇ ಹಿಡಿಯುತ್ತವೆ. ಆದರೆ ರೂಢಿ ಗೊತ್ತಿಲ್ಲದ ಮಗು ಎರಡನೆಯದನ್ನು ಹಿಡಿದರೆ ಅದನ್ನು ಅಜ್ಞಾನ ಎನ್ನಲಾಗದು. ನನ್ನ ಮಟ್ಟಿಗೆ ಅವಳೇ ಪ್ರಶ್ನೆಯನ್ನು ಹೆಚ್ಚು ಗಮನವಿಟ್ಟು ಓದಿದವಳು.

ಇಲ್ಲಿಗೆ ವಾದ ಮುಗಿಯಿತು ಎಂದುಕೊಳ್ಳಬಹುದಿತ್ತು. ಆದರೆ ಹುಡುಗಿ ಇನ್ನೊಂದು ಮಾತು ಕೇಳುತ್ತಾಳೆ: "ಮಿಸ್, ಈ 2525 ಎಲ್ಲಿಂದ ಎಲ್ಲಿಯವರೆಗೆ?"

ನದಿ ಶುರುವಾಗುವುದು ಎಲ್ಲಿ?

ಇದಕ್ಕೆ ಉತ್ತರ ಹುಡುಕಲು ಹಿಮಾಲಯಕ್ಕೆ ಹೋಗುವ ಮೊದಲು ಪಕ್ಕದ ಚಿಕ್ಕಮಗಳೂರು ಜಿಲ್ಲೆಗೆ ಹೋಗೋಣ. ಕುದುರೆಮುಖದ ಕಡೆ ಗಂಗಾಮೂಲ ಎಂಬ ಜಾಗವಿದೆ. ತುಂಗಾ ಮತ್ತು ಭದ್ರಾ ಎರಡೂ ಹುಟ್ಟುವುದು ಅಲ್ಲಿಯೇ. ಒಂದೇ ಬೆಟ್ಟದಲ್ಲಿ ಹುಟ್ಟಿದರೂ ಎರಡೂ ಬೇರೆ ದಾರಿ ಹಿಡಿಯುತ್ತವೆ. ತುಂಗಾ ಶೃಂಗೇರಿ, ತೀರ್ಥಹಳ್ಳಿ ಮೇಲೆ ಶಿವಮೊಗ್ಗಕ್ಕೆ ಹೋದರೆ ಭದ್ರಾ ಕಳಸ, ಬಾಳೆಹೊನ್ನೂರು, ಲಕ್ಕವಳ್ಳಿ ಮೇಲೆ ಭದ್ರಾವತಿಗೆ ಹೋಗುತ್ತದೆ. ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಎರಡೂ ಸೇರಿ ತುಂಗಭದ್ರಾ ಆಗುತ್ತವೆ.

ತುಂಗಭದ್ರೆಯ ಉದ್ದ ಎಷ್ಟು ಎಂದು ಕೇಳಿದರೆ ಪುಸ್ತಕಗಳು 531 ಕಿ.ಮೀ. ಎನ್ನುತ್ತವೆ. ಅದು ಕೂಡಲಿಯಿಂದ ಕೃಷ್ಣಾ ನದಿಯನ್ನು ಸೇರುವವರೆಗಿನ ಅಳತೆ. ಅಂದರೆ ಹೆಸರು ಹುಟ್ಟಿದ ಜಾಗದಿಂದ ಲೆಕ್ಕ ಶುರುವಾಗಿದೆ. ಗಂಗಾಮೂಲದಿಂದ ಹರಿದುಬಂದ ಭದ್ರೆಯ ಸುಮಾರು 170 ಕಿ.ಮೀ. ಅದರಲ್ಲಿ ಇಲ್ಲ. ಅದನ್ನು ಕೂಡಿಸಿದರೆ ಅದೇ ನದಿ ಸುಮಾರು 700 ಕಿ.ಮೀ. ಆಗುತ್ತದೆ. ನೀರು ಅದೇ, ಕಣಿವೆ ಅದೇ. ಅಳತೆಯ ಪಟ್ಟಿಯನ್ನು ಇಟ್ಟ ಜಾಗವೊಂದೇ ಬೇರೆ.

ಈಗ ಉತ್ತರಾಖಂಡಕ್ಕೆ ಹೋಗೋಣ. ಗಂಗೋತ್ರಿ ಹಿಮನದಿಯ ಗೋಮುಖದಿಂದ ಭಾಗೀರಥಿ ಹೊರಡುತ್ತದೆ. ಇನ್ನೊಂದು ಕಡೆಯಿಂದ ಅಲಕನಂದಾ ಬರುತ್ತದೆ. ದೇವಪ್ರಯಾಗದಲ್ಲಿ ಎರಡೂ ಸೇರುತ್ತವೆ. ಅಲ್ಲಿಂದ ಮುಂದಕ್ಕೆ ಅದರ ಹೆಸರು ಗಂಗಾ. ದೇವಪ್ರಯಾಗ ಗಂಗೆಗೆ ಒಂದು ಕೂಡಲಿ ಇದ್ದ ಹಾಗೆ. ಆದರೆ ಗಂಗೆಯ 2525 ಕಿ.ಮೀ. ಲೆಕ್ಕ ದೇವಪ್ರಯಾಗದಿಂದ ಶುರುವಾಗುವುದಿಲ್ಲ, ಗಂಗೋತ್ರಿಯಿಂದ ಶುರುವಾಗುತ್ತದೆ. ಭಾಗೀರಥಿಯ ಸುಮಾರು 205 ಕಿ.ಮೀ. ಅದರೊಳಗೆ ಸೇರಿದೆ.

ತುಂಗಭದ್ರೆಗೆ ಒಂದು ನಿಯಮ, ಗಂಗೆಗೆ ಇನ್ನೊಂದು. ಇದರಲ್ಲಿ ಮೋಸವೇನೂ ಇಲ್ಲ. ಗಂಗೆಯ ಮೂಲ ಗಂಗೋತ್ರಿ ಎಂಬ ನಂಬಿಕೆ ನೆಲದ ಸಂಪ್ರದಾಯದಲ್ಲಿ ಗಟ್ಟಿಯಾಗಿ ನಿಂತಿದೆ, ಅಳತೆ ಅದನ್ನು ಅನುಸರಿಸಿದೆ. ಭೂಗೋಳಶಾಸ್ತ್ರಜ್ಞರು ಬೇರೆ ಬೇರೆ ದೇಶಗಳ ನದಿಗಳನ್ನು ಹೋಲಿಸುವಾಗ ಹೆಸರನ್ನು ಬದಿಗಿಟ್ಟು, ನದಿಯ ಮುಖದಿಂದ ಹಿಂದಕ್ಕೆ ನಡೆಯುತ್ತಾ ಅತಿ ದೂರದ ತೊರೆಯ ತುದಿಯನ್ನು ಮೂಲವೆಂದು ಹಿಡಿಯುವುದುಂಟು. ಹೋಲಿಕೆಗೆ ಆ ನಿಯಮವೇ ಹೆಚ್ಚು ನ್ಯಾಯವಾದದ್ದು. ಏಕೆಂದರೆ ಹೆಸರು ಎಲ್ಲಿ ಬದಲಾಯಿತು ಎಂಬುದನ್ನು ತೀರ್ಮಾನಿಸಿದವರು ದಂಡೆಯಲ್ಲಿ ಬದುಕಿದ ಜನ. ಅದರಿಂದ ನೀರಿನ ದಾರಿ ಉದ್ದವೂ ಆಗುವುದಿಲ್ಲ, ಗಿಡ್ಡವೂ ಆಗುವುದಿಲ್ಲ.

ಮುಗಿಯುವುದು ಎಲ್ಲಿ?

ಗಂಗೆಯ ಮಟ್ಟಿಗೆ ಶುರುವಿಗಿಂತ ಕೊನೆಯೇ ದೊಡ್ಡ ಗೊಂದಲ. ಪಶ್ಚಿಮ ಬಂಗಾಳದ ಫರಕ್ಕಾ ದಾಟಿದ ಮೇಲೆ ನದಿ ಕವಲೊಡೆಯುತ್ತದೆ. ಒಂದು ಕವಲು ದಕ್ಷಿಣಕ್ಕೆ ತಿರುಗಿ, ಭಾಗೀರಥಿ-ಹೂಗ್ಲಿ ಎಂಬ ಹೆಸರಿನಲ್ಲಿ ಕೋಲ್ಕತ್ತದ ಪಕ್ಕ ಹರಿದು, ಗಂಗಾಸಾಗರದಲ್ಲಿ ಸಮುದ್ರ ಸೇರುತ್ತದೆ. ಇದೂ ಭಾಗೀರಥಿಯೇ, ಆದರೆ ಹಿಮಾಲಯದ ಭಾಗೀರಥಿ ಬೇರೆ, ಬಂಗಾಳದ ಭಾಗೀರಥಿ ಬೇರೆ. ಇನ್ನೊಂದು ಕವಲು ಬಾಂಗ್ಲಾದೇಶದೊಳಗೆ ಹೋಗಿ ಪದ್ಮಾ ಎನ್ನಿಸಿಕೊಳ್ಳುತ್ತದೆ. ಅಲ್ಲಿ ಜಮುನಾ ಎಂದು ಕರೆಸಿಕೊಳ್ಳುವ ಬ್ರಹ್ಮಪುತ್ರ ಬಂದು ಅದನ್ನು ಸೇರುತ್ತದೆ. ಮುಂದೆ ಮೇಘನಾ ನದಿಯೊಡನೆ ಕೂಡಿ ಬಂಗಾಳ ಕೊಲ್ಲಿಗೆ ಬೀಳುತ್ತದೆ.

ನೀರಿನ ಪ್ರಮಾಣ ನೋಡಿದರೆ ಪದ್ಮಾ ಕವಲೇ ದೊಡ್ಡದು. ಹೂಗ್ಲಿಯ ಕವಲಿಗೆ ಬೇಸಿಗೆಯಲ್ಲಿ ನೀರು ಸಾಲದೆ ಕೋಲ್ಕತ್ತ ಬಂದರಿನಲ್ಲಿ ಹೂಳು ತುಂಬುತ್ತಿತ್ತು. ಆ ಕವಲಿಗೆ ಗಂಗೆಯ ನೀರು ತಿರುಗಿಸುವ ಉದ್ದೇಶದಿಂದಲೇ ಫರಕ್ಕಾ ಬ್ಯಾರೇಜ್ ಕಟ್ಟಿ 1975ರಲ್ಲಿ ಬಳಕೆಗೆ ತಂದರು. ಜನರ ಭಕ್ತಿ ಮತ್ತು ಯಾತ್ರೆಯ ದಾರಿ ನೋಡಿದರೆ ಮಾತ್ರ ಹೂಗ್ಲಿಯೇ ಗಂಗೆ.

2525 ಕಿ.ಮೀ. ಲೆಕ್ಕ ಹಿಡಿದದ್ದು ಯಾವ ಕವಲನ್ನು? ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಕೂಡಿ ನೋಡಿದರೆ ಸಾಕು. ಕಥೆಯ ಶಿಕ್ಷಕಿ ಕಪ್ಪುಹಲಗೆಯ ಮೇಲೆ ಅದನ್ನೇ ಮಾಡುತ್ತಾರೆ. ಉತ್ತರಾಖಂಡ ಮತ್ತು ಉತ್ತರ ಪ್ರದೇಶ ಸೇರಿ, ಬಿಹಾರದ ಗಡಿಗುಂಟ ಹರಿಯುವ ಭಾಗವನ್ನೂ ಹಿಡಿದು 1560. ಮುಂದೆ ಬಿಹಾರದ ಕಡೆ 445. ಪಶ್ಚಿಮ ಬಂಗಾಳದಲ್ಲಿ 520. ಮೂರನ್ನೂ ಕೂಡಿದರೆ ಸರಿಯಾಗಿ 2525.

"ಬಾಂಗ್ಲಾದೇಶಕ್ಕೆ ಏನೂ ಉಳಿಯಲಿಲ್ಲ!" ಎನ್ನುತ್ತಾಳೆ ಹುಡುಗಿ.

ಹೌದು. ಬಾಂಗ್ಲಾದೇಶಕ್ಕೆ ಒಂದು ಕಿಲೋಮೀಟರೂ ಉಳಿದಿಲ್ಲ ಎಂದರೆ ಅಳತೆ ಹೂಗ್ಲಿಯ ಗುಂಟ ಗಂಗಾಸಾಗರಕ್ಕೆ ಇಳಿದಿದೆ ಎಂದೇ ಅರ್ಥ. ಒಂದು ಒಟ್ಟು ಮೊತ್ತವನ್ನು ಬಿಡಿಸಿ ನೋಡಿದರೆ ಅದನ್ನು ಅಳೆದವರು ನಡೆದ ದಾರಿ ಕಾಣುತ್ತದೆ. ಈ ವಿಷಯದಲ್ಲಿ ನನಗೆ ಅತ್ಯಂತ ಖುಷಿ ಕೊಡುವ ಸಂಗತಿ ಇದೇ.

ಕೊನೆಯ ಗೊಂದಲ ನಮ್ಮ ಮನೆಯಂಗಳದಲ್ಲೂ ಇದೆ. ಹೇಮಾವತಿ ಕಾವೇರಿಯನ್ನು ಸೇರುವ ಜಾಗವನ್ನು ಈಗ ಕೃಷ್ಣರಾಜಸಾಗರದ ಹಿನ್ನೀರು ಆವರಿಸುತ್ತದೆ. ಅಣೆಕಟ್ಟು ತುಂಬಿದಾಗ ನದಿ ಎಲ್ಲಿ ನಿಂತಿತು, ಜಲಾಶಯ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಕಾವೇರಿಯ ಉದ್ದವನ್ನೇ ನೋಡಿ. ಎನ್‌ಸಿಇಆರ್‌ಟಿಯ ಒಂಬತ್ತನೇ ತರಗತಿಯ ಪುಸ್ತಕ ಸುಮಾರು 760 ಕಿ.ಮೀ. ಎಂದರೆ ಹನ್ನೊಂದನೇ ತರಗತಿಯ ಪುಸ್ತಕ 800 ಕಿ.ಮೀ. ಎಂದಿತು. ಒಂದೇ ಸಂಸ್ಥೆ, ಒಂದೇ ನದಿ, 40 ಕಿ.ಮೀ. ವ್ಯತ್ಯಾಸ.

ದಾರದಿಂದ ಅಳೆದರೆ

ಮೂರನೆಯ ತೊಡಕು ಅಳತೆಯ ಸಾಧನದ್ದು. ರಸ್ತೆಯನ್ನು ಅಳೆಯಲು ವಾಹನದಲ್ಲಿ ಮೀಟರ್ ಇದೆ. ನದಿಯನ್ನು ಅಳೆಯುವುದು ನಕ್ಷೆಯ ಮೇಲೆ ಅಥವಾ ಉಪಗ್ರಹ ಚಿತ್ರದ ಮೇಲೆ. ಹಾಗೆ ಅಳೆದಾಗ ಎಷ್ಟು ಸಣ್ಣ ತಿರುವನ್ನು ಲೆಕ್ಕಕ್ಕೆ ಹಿಡಿದಿರಿ ಎಂಬುದರ ಮೇಲೆ ಉತ್ತರ ನಿಂತಿರುತ್ತದೆ.

ಶಿಕ್ಷಕಿ ಹೇಮಾವತಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತಾರೆ. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಈ ನದಿಯ ಉದ್ದ 245 ಕಿ.ಮೀ. ಎಂದು ಪುಸ್ತಕಗಳಲ್ಲಿದೆ. ಗೋಡೆಯ ಮೇಲಿನ ಭಾರತದ ನಕ್ಷೆಯಲ್ಲಿ ಒಂದು ಸೆಂಟಿಮೀಟರು 40 ಕಿ.ಮೀ.ಗೆ ಸಮ ಎಂದಿಟ್ಟುಕೊಳ್ಳಿ. ಆ ನಕ್ಷೆಯಲ್ಲಿ 245 ಕಿ.ಮೀ. ನದಿ ಆರು ಸೆಂಟಿಮೀಟರಿನ ಒಂದು ನೀಲಿ ಗೆರೆ. ಗೆರೆಯ ದಪ್ಪವೇ ಒಂದೆರಡು ಕಿಲೋಮೀಟರನ್ನು ನುಂಗುತ್ತದೆ. ಅದರಲ್ಲಿ ಸಕಲೇಶಪುರದ ತಿರುವುಗಳನ್ನು ತೋರಿಸಲು ಜಾಗವೆಲ್ಲಿ? ಅದೇ ನದಿಯನ್ನು ಸರ್ವೇ ಇಲಾಖೆಯ 1:50,000 ಪ್ರಮಾಣದ ಸ್ಥಳಾಕೃತಿ ನಕ್ಷೆಗಳ ಮೇಲೆ ಅಳೆದರೆ ಒಂದು ಸೆಂಟಿಮೀಟರು ಅರ್ಧ ಕಿಲೋಮೀಟರಿಗೆ ಸಮ. ಆಗ ಸುಮಾರು ಐದು ಮೀಟರ್ ದಾರ ಬೇಕು. ಅಷ್ಟುದ್ದದ ದಾರ ತಿರುವು ತಿರುವಿಗೂ ಬಾಗಿ ಮಲಗುತ್ತದೆ.

ತಿರುವು ಬಿಟ್ಟುಹೋದರೆ ಎಷ್ಟು ನಷ್ಟ? ನದಿಯೊಂದು 3 ಕಿ.ಮೀ. ಉತ್ತರಕ್ಕೆ ಹರಿದು, ನಂತರ 4 ಕಿ.ಮೀ. ಪೂರ್ವಕ್ಕೆ ಹರಿಯಿತು ಎನ್ನಿ. ನೀರು ನಡೆದದ್ದು 7 ಕಿ.ಮೀ. ಒರಟು ನಕ್ಷೆಯಲ್ಲಿ ಆ ಮೂಲೆ ಮಾಯವಾಗಿ ನೇರ ಗೆರೆ ಉಳಿದರೆ ಅಳತೆ 5 ಕಿ.ಮೀ. ಒಂದೇ ತಿರುವಿನಲ್ಲಿ 2 ಕಿ.ಮೀ. ಹೋಯಿತು. ಹಿಮಾಲಯದಿಂದ ಇಳಿದ ನದಿಗಳಲ್ಲಿ ಇಂಥ ತಿರುವುಗಳು ಲೆಕ್ಕವಿಲ್ಲದಷ್ಟಿವೆ. ಆದ್ದರಿಂದ ನಕ್ಷೆ ಸೂಕ್ಷ್ಮವಾದಷ್ಟೂ ನದಿಯ ಉದ್ದ ಬೆಳೆಯುತ್ತಾ ಹೋಗುತ್ತದೆ.

ಬ್ರಹ್ಮಪುತ್ರದ ವಿಷಯದಲ್ಲಿ ಹೀಗೆಯೇ ಆಯಿತು. 2011ರಲ್ಲಿ ಚೀನಾದ ವಿಜ್ಞಾನ ಅಕಾಡೆಮಿಯ ಸಂಶೋಧಕರು ಉಪಗ್ರಹ ಚಿತ್ರಗಳನ್ನೂ ಸ್ಥಳ ಪರಿಶೀಲನೆಯನ್ನೂ ಆಧರಿಸಿ ಅದರ ಉದ್ದ 3848 ಕಿ.ಮೀ. ಎಂದು ಪ್ರಕಟಿಸಿದರು. ಹಳೆಯ 2900ಕ್ಕಿಂತ 900 ಕಿ.ಮೀ.ಗೂ ಹೆಚ್ಚು. ಅದೇ ಅಧ್ಯಯನದಲ್ಲಿ ಸಿಂಧೂ 3600 ಕಿ.ಮೀ. ಆಯಿತು. ನದಿಗಳು ರಾತ್ರೋರಾತ್ರಿ ಬೆಳೆಯಲಿಲ್ಲ. ಮೂಲವನ್ನು ಗುರುತಿಸಿದ ಬಗೆ ಬೇರೆ, ಅಳೆದ ಬಗೆ ಬೇರೆ. ಹಾಗಾಗಿ ಈ ಹೊಸ ಅಂಕಿಯನ್ನು ಗಂಗೆಯ ಹಳೆಯ 2525ರ ಪಕ್ಕಕ್ಕಿಟ್ಟು ಹೋಲಿಸುವುದು ತಪ್ಪು. ಒಬ್ಬ ಮಗುವಿನ ಎತ್ತರವನ್ನು ಚಪ್ಪಲಿ ಹಾಕಿಸಿ, ಇನ್ನೊಬ್ಬರದನ್ನು ಬರಿಗಾಲಲ್ಲಿ ನಿಲ್ಲಿಸಿ ಅಳೆದಂತಾಗುತ್ತದೆ.

ಲೆಕ್ಕ ಬದಲಾದರೆ ಸ್ಥಾನವೂ ಬದಲಾಗುತ್ತದೆಯೇ?

ಇಷ್ಟು ಓದಿದವರಿಗೆ ಹಾಗಾದರೆ ಯಾವ ಉತ್ತರವೂ ಖಚಿತವಲ್ಲವೇ ಎನ್ನಿಸಬಹುದು. ಹಾಗಲ್ಲ. ಅಂಕಿ ಅಲುಗಾಡಿದರೂ ಕೆಲವು ಉತ್ತರಗಳು ಅಲುಗಾಡುವುದಿಲ್ಲ. ಅದನ್ನು ಪರೀಕ್ಷಿಸುವ ದಾರಿ ಸರಳ. ಒಂದು ಉತ್ತರಕ್ಕೆ ಎಷ್ಟು ಸಾಧ್ಯವೋ ಅಷ್ಟು ಅನ್ಯಾಯ ಮಾಡಿ ನೋಡಬೇಕು. ಅಷ್ಟಾದರೂ ಅದು ಮೊದಲನೇ ಸ್ಥಾನದಲ್ಲಿ ನಿಂತರೆ ಗಟ್ಟಿ.

ಗಂಗೆಗೆ ಹೀಗೆ ಮಾಡೋಣ. 2525ರಿಂದ ಹೂಗ್ಲಿ ನಿಜವಾದ ಗಂಗೆಯಲ್ಲ ಎಂದು ಪಶ್ಚಿಮ ಬಂಗಾಳದ 520 ಕಿ.ಮೀ.ಯನ್ನು ಪೂರ್ತಿ ತೆಗೆದುಹಾಕಿ. 2005 ಉಳಿಯಿತು. ಹೆಸರು ಹುಟ್ಟುವುದು ದೇವಪ್ರಯಾಗದಲ್ಲಿ ಎಂದು ಭಾಗೀರಥಿಯ 205ನ್ನೂ ಕಳೆಯಿರಿ. 1800 ಉಳಿಯಿತು. ಭಾರತದೊಳಗೆ ಇದರ ನಂತರ ಬರುವುದು ಗೋದಾವರಿ. ನಾಸಿಕದ ಬಳಿಯ ತ್ರ್ಯಂಬಕೇಶ್ವರದಿಂದ ಬಂಗಾಳ ಕೊಲ್ಲಿಯವರೆಗೆ ಅದರ ಉದ್ದ 1465 ಕಿ.ಮೀ. ಸಿಂಧೂವಿನ ಭಾರತದ ಪಾಲು 1114, ಬ್ರಹ್ಮಪುತ್ರದ್ದು 916. ಇಷ್ಟೆಲ್ಲ ಕಿತ್ತುಕೊಂಡ ಮೇಲೂ ಗಂಗೆ ಗೋದಾವರಿಗಿಂತ 300 ಕಿ.ಮೀ.ಗೂ ಹೆಚ್ಚು ಮುಂದಿದೆ. ಆದ್ದರಿಂದ ಭಾರತದೊಳಗೆ ಅತಿ ಉದ್ದದ ನದಿ ಗಂಗಾ ಎಂಬ ಉತ್ತರ ಗಟ್ಟಿ.

ಈಗ ಹುಡುಗಿಯ ಉತ್ತರವನ್ನು ಅದೇ ಒರೆಗೆ ಹಚ್ಚೋಣ. ಭಾರತವನ್ನು ಮುಟ್ಟುವ ನದಿಗಳಲ್ಲಿ ಬ್ರಹ್ಮಪುತ್ರ ಮತ್ತು ಸಿಂಧೂ ಎರಡೂ ಗಂಗೆಗಿಂತ ಉದ್ದ ಎಂಬ ಮಾತು ಗಟ್ಟಿಯಾಗಿಯೇ ನಿಲ್ಲುತ್ತದೆ. ಅಂತರ ನೂರಾರು ಕಿಲೋಮೀಟರ್ ಇದೆ. ಆದರೆ ಆ ಎರಡರಲ್ಲಿ ಬ್ರಹ್ಮಪುತ್ರವೇ ಮೊದಲು ಎಂಬುದು ಅಷ್ಟು ಗಟ್ಟಿಯಲ್ಲ. 2900 ಮತ್ತು 2880ರ ನಡುವೆ ಇರುವುದು ಬರಿಯ 20 ಕಿ.ಮೀ. ಕಾವೇರಿಯಂಥ ಚಿಕ್ಕ ನದಿಯ ಅಳತೆಯೇ 40 ಕಿ.ಮೀ. ಆಚೀಚೆ ಆಗುವಾಗ ಇಷ್ಟು ದೊಡ್ಡ ನದಿಗಳಲ್ಲಿ 20 ಕಿ.ಮೀ. ಅಂತರಕ್ಕೆ ಏನು ಬೆಲೆ? ಸಿಂಧೂವಿಗೆ ಸುಮಾರು 3180 ಕಿ.ಮೀ. ಎಂದು ಕೊಡುವ ಪಟ್ಟಿಗಳೂ ಬಳಕೆಯಲ್ಲಿವೆ. ಅದನ್ನು ಹಿಡಿದರೆ ಸಿಂಧೂವೇ ಮುಂದಾಗುತ್ತದೆ. 2011ರ ಅಧ್ಯಯನ ಹಿಡಿದರೆ ಬ್ರಹ್ಮಪುತ್ರ ಮುಂದಾಗುತ್ತದೆ. ನದಿಗಳ ಉದ್ದದ ಪಟ್ಟಿ ಓದುವಾಗ ಎರಡು ಅಂಕಿಗಳ ಅಂತರ ಅಳತೆಯ ಅನಿಶ್ಚಿತತೆಗಿಂತ ದೊಡ್ಡದೇ ಎಂದು ಮೊದಲು ನೋಡಬೇಕು. ಚಿಕ್ಕದಾಗಿದ್ದರೆ ಆ ಎರಡು ನದಿಗಳಲ್ಲಿ ಒಂದನ್ನು ಮೇಲೆ, ಒಂದನ್ನು ಕೆಳಗೆ ಬರೆದದ್ದಕ್ಕೆ ಹೆಚ್ಚಿನ ಅರ್ಥವಿಲ್ಲ.

ಅಂಕ ಯಾರಿಗೆ?

ಮತ್ತೆ ಸಕಲೇಶಪುರಕ್ಕೆ ಬರೋಣ. ಶಿಕ್ಷಕಿ ಕೈಯಲ್ಲಿದ್ದ ಚೀಟಿಯನ್ನು ಮಡಿಸುತ್ತಾರೆ. "ಪ್ರಶ್ನೆಯನ್ನು ನಾನು ಸರಿಯಾಗಿ ಬರೆದಿರಲಿಲ್ಲ. ಎರಡು ಅರ್ಥ ಬರುವ ಪ್ರಶ್ನೆಗೆ ಒಂದು ತಂಡಕ್ಕೆ ಮಾತ್ರ ಅಂಕ ಕೊಡಲು ಆಗುವುದಿಲ್ಲ. ಇದನ್ನು ಕೈಬಿಟ್ಟು ಬೇರೆ ಪ್ರಶ್ನೆ ಕೇಳುತ್ತೇನೆ" ಎನ್ನುತ್ತಾರೆ. ಗೆದ್ದೆವೆಂದುಕೊಂಡಿದ್ದ ತಂಡಕ್ಕೆ ಬೇಸರವಾಗುತ್ತದೆ. ನಾನು ಆ ಜಾಗದಲ್ಲಿದ್ದರೂ ಹೀಗೆಯೇ ಮಾಡುತ್ತಿದ್ದೆ. ಇಬ್ಬರಿಗೂ ಅಂಕ ಕೊಟ್ಟು ಸಮಾಧಾನ ಮಾಡಬಹುದಿತ್ತು, ಆದರೆ ಗಂಗಾ ಎಂದವರೂ ಬ್ರಹ್ಮಪುತ್ರ ಎಂದವಳೂ ಉತ್ತರಿಸಿದ್ದು ಬೇರೆ ಬೇರೆ ಪ್ರಶ್ನೆಗಳಿಗೆ.

ಶಿಕ್ಷಕಿ ಹೊಸ ಚೀಟಿಯಲ್ಲಿ ಬರೆದು ಓದುತ್ತಾರೆ: "ಹುಟ್ಟಿನಿಂದ ಸಮುದ್ರದವರೆಗೆ ಪೂರ್ತಿ ಭಾರತದೊಳಗೇ ಹರಿಯುವ ಅತಿ ಉದ್ದದ ನದಿ ಯಾವುದು?"

ಎದುರಿನ ತಂಡದ ಹುಡುಗ "ಗೋದಾವರಿ" ಎಂದು ಕೂಗುತ್ತಾನೆ. ಶಿಕ್ಷಕಿಯ ಮುಖದಲ್ಲಿ ನಗು ಮೂಡುತ್ತದೆ. ಅಷ್ಟರಲ್ಲಿ ಹುಡುಗಿಯ ಕೈ ಮತ್ತೆ ಮೇಲೇಳುತ್ತದೆ.

"ಮಿಸ್, ಆಗಲೇ ಕೂಡಿದೆವಲ್ಲ. ಹೂಗ್ಲಿಯನ್ನು ಹಿಡಿದರೆ ಗಂಗೆಯೂ ಪೂರ್ತಿ ಒಳಗೇ ಇದೆ."

ಶಿಕ್ಷಕಿ ಕಪ್ಪುಹಲಗೆಯ ಕಡೆ ತಿರುಗಿ ನೋಡುತ್ತಾರೆ. 1560, 445, 520 ಇನ್ನೂ ಅಳಿಸಿಲ್ಲ. ಅವರು ಕುರ್ಚಿ ಎಳೆದುಕೊಂಡು ಕುಳಿತು, ಹಿಂದಿನ ಸಾಲನ್ನು ಹೊಡೆದುಹಾಕಿ, ಕೆಳಗೆ ನಿಧಾನವಾಗಿ ಬರೆಯುತ್ತಾರೆ: "ಪರ್ಯಾಯ ದ್ವೀಪದ ನದಿಗಳಲ್ಲಿ, ಮೂಲದಿಂದ ಸಮುದ್ರದವರೆಗಿನ ಅಳತೆಯಲ್ಲಿ, ಅತಿ ಉದ್ದವಾದದ್ದು ಯಾವುದು?" ಬರೆದದ್ದನ್ನು ಓದುವ ಮೊದಲು ಚೀಟಿಯನ್ನು ಹುಡುಗಿಯ ಕೈಗೆ ಕೊಡುತ್ತಾರೆ. "ನೋಡು, ಇದರಲ್ಲಿ ಇನ್ನೇನಾದರೂ ಉಳಿದಿದೆಯೇ?"